ಗೂಡಿನ ಊರಲ್ಲಿ ಇಫ್ತಾರಿನ ಹೊತ್ತು

ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಬಸ್ಸಿಳಿದವರಿಗೆ ಊರು ಮೊದಲು ತಾಗುವುದು ಮೂಗಿಗೆ. ರೇಷ್ಮೆಗೂಡು ಬೇಯುವ ವಾಸನೆ ಅದು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದ ಲಾಟುಗಳು ಗಲ್ಲಿಗಲ್ಲಿಯ ಬಿಚ್ಚಾಣಿಕೆ ಮನೆಗಳಿಗೆ ಹೋಗುತ್ತವೆ. ಅಲ್ಲಿ ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಎತ್ತುತ್ತಾರೆ. ಈ ಮನೆಗಳಲ್ಲಿ ಬಹಳಷ್ಟು ಮುಸ್ಲಿಮರವು. ಗೂಡಿನೊಳಗಿನ ಹುಳಕ್ಕೆ ರಂಜಾನು ಗೊತ್ತಿಲ್ಲ. ಕೆಲವೇ ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗಿ ದುಡ್ಡು ಹೋದಂತೆಯೇ. ಹಾಗಾಗಿ ಉಪವಾಸದ ತಿಂಗಳಲ್ಲೂ ಒಲೆ ಆರುವುದಿಲ್ಲ. ಸಹರಿ ಮುಗಿಸಿ ಫಜರ್ ನಮಾಜು ಮಾಡಿ ತೊಟ್ಟಿಯ ಮುಂದೆ ನಿಂತರೆ, ಬಿಸಿಲು ಏರುವ ಮೊದಲು ಆದಷ್ಟು ಕೆಲಸ ಮುಗಿಸುವುದು ಇಲ್ಲಿಯ ರೂಢಿ. ಬಾಯಿಗೆ ಹನಿ ನೀರಿಲ್ಲದೆ ಆವಿಯ ಮುಂದೆ ನಿಂತು ದುಡಿಯುವ ಈ ಜನ ಸಂಜೆ ಆರೂವರೆಗೆ ಹಾಸುವ ಬಟ್ಟೆ, ಅದರ ಮೇಲಿಡುವ ನಾಲ್ಕು ಬಟ್ಟಲು, ಆ ಬಟ್ಟಲುಗಳಿಗೆ ಬೀಳುವ ಬೆಳಕು, ಇವನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. 2025ರ ರಂಜಾನು. ಆ ವರ್ಷ ಮೊದಲ ರೋಜಾ ಮಾರ್ಚ್ 2ಕ್ಕೆ ಬಿತ್ತು.

ನಾನು ಇಫ್ತಾರಿಗೆ ಹೋಗುವುದು ಇಂಥದ್ದೊಂದು ಮನೆಗೆ. ಅದರ ಯಜಮಾನರನ್ನು ನಾನು ಸಾಹೇಬ್ರೇ ಅನ್ನುತ್ತೇನೆ. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ಅವರ ತಾಯಿ ಮೊಮ್ಮಕ್ಕಳಿಗೆ ದಾದಿ, ನನಗೆ ಅಮ್ಮ. ಇಫ್ತಾರಿಗೆ ಕರೆದರೆ ಆರೂಕಾಲಿಗೆ ಹೋಗಿ ಕೂರುವುದು ಅತಿಥಿಗಳ ಪದ್ಧತಿ. ನಾನು ಐದಕ್ಕೇ ಹೋಗುತ್ತೇನೆ. ನೋಡಬೇಕಾದ್ದೆಲ್ಲ ನಡೆಯುವುದು ಆ ಒಂದೂವರೆ ಗಂಟೆಯಲ್ಲಿ.

ಐದಕ್ಕೆ ಅಂಗಳದ ಜಗಲಿಯ ಮೇಲೆ ಇನ್ನೂ ಗಟ್ಟಿ ಬಿಸಿಲಿರುತ್ತದೆ. ಅಮ್ಮ ಖರ್ಜೂರದ ಡಬ್ಬ ತೆಗೆಯುವುದು ಅಲ್ಲೇ, ಒಳಗಲ್ಲ. ಹಣ್ಣನ್ನು ಪರೀಕ್ಷಿಸಲು ಹಗಲಿನ ಬೆಳಕೇ ಬೇಕು ಎನ್ನುವುದು ಅವರ ಪಟ್ಟು. ಎರಡು ಬಗೆಯ ಖರ್ಜೂರ ಇರುತ್ತದೆ. ಒಂದು ಕಿಮಿಯಾ: ಇರಾನಿನ ಕೆರ್ಮಾನ್ ಕಡೆಯ ಮಜಾಫತಿ ಹಣ್ಣು. ಕಪ್ಪಗೆ, ಮೆತ್ತಗೆ, ಸಣ್ಣ ರಟ್ಟಿನ ಡಬ್ಬದಲ್ಲಿ ಒತ್ತೊತ್ತಾಗಿ ಬರುತ್ತದೆ. ಇನ್ನೊಂದು ಇರಾಕಿನ ಜಾಹಿದಿ: ಹಳದಿಗಂದು ಬಣ್ಣ, ಒಣಗಿದ್ದು, ಅಗಿಯಬೇಕು, ಬೆಲೆ ಕಡಿಮೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋದರೆ ಮದೀನಾದ ಅಜ್ವಾ, ಕಲ್ಮಿ, ಹೆಬ್ಬೆರಳಿಗಿಂತ ದಪ್ಪನೆಯ ಮೆಡ್ಜೂಲ್ ಎಲ್ಲ ಗುಡ್ಡೆ ಹಾಕಿರುತ್ತಾರೆ. ಈ ಮನೆಗೆ ಬರುವುದು ಇವೆರಡೇ.

ಎರಡೇ ಆದರೂ ಅದರಲ್ಲೊಂದು ಲೆಕ್ಕವಿದೆ. ಖರ್ಜೂರ ಮರದ ಮೇಲೆ ಮೊದಲು ಬಣ್ಣ ತಿರುಗಿ ಗಟ್ಟಿಯಾಗಿರುತ್ತದೆ, ಅದು ಖಲಾಲ್. ಆಮೇಲೆ ಮೆತ್ತಗಾಗಿ ರಸ ತುಂಬುತ್ತದೆ, ಅದು ರುತಬ್. ಕೊನೆಗೆ ನೀರು ಆರಿ ಸುಕ್ಕುಗಟ್ಟುತ್ತದೆ, ಅದು ತಮರ್. ಪ್ರವಾದಿಯವರು ರುತಬ್ ಇದ್ದರೆ ಅದರಿಂದ, ಇಲ್ಲದಿದ್ದರೆ ತಮರಿನಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ರೋಜಾ ಬಿಡುತ್ತಿದ್ದರು ಎಂಬುದು ಹದೀಸಿನಿಂದ ಬಂದ ಮಾತು. ಕಿಮಿಯಾ ಬಹುಮಟ್ಟಿಗೆ ರುತಬ್, ಮೂರರಲ್ಲೊಂದು ಪಾಲು ತೂಕ ನೀರೇ. ಜಾಹಿದಿ ತಮರ್. ಪಕ್ಕದಲ್ಲಿ ನೀರಿನ ಲೋಟ. ಮೂರೂ ಆ ಬಟ್ಟೆಯ ಮೇಲೆ ಅದೇ ಸಾಲಿನಲ್ಲಿ ಕೂರುತ್ತವೆ. ಯಾರಿಗೆ ಯಾವುದು ಕೈಗೆ ಸಿಕ್ಕಿದರೂ ಸರಿ.

ನೀರು ಜಾಸ್ತಿ ಇರುವುದೇ ಕಿಮಿಯಾದ ರುಚಿ, ಅದೇ ಅದರ ತೊಂದರೆ. ಮಾರ್ಚಿನ ಸೆಕೆಯಲ್ಲಿ ಡಬ್ಬ ಹೊರಗಿದ್ದರೆ ಹುಳಿಯುತ್ತದೆ. ಸಿಪ್ಪೆ ತಿರುಳಿನಿಂದ ಬಿಟ್ಟು ಗುಳ್ಳೆಯಂತೆ ಉಬ್ಬಿ, ಮುಚ್ಚಳ ತೆಗೆದೊಡನೆ ಹೆಂಡದ ಹುಳಿವಾಸನೆ ಬಂದರೆ ಆ ಡಬ್ಬ ಮುಗಿದಂತೆ. ಅಂಗಡಿಯವರು ಅದನ್ನು ತಂಪು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೋ ಬಿಸಿಲಿಗೆ ಜೋಡಿಸಿದ್ದಾರೋ ಎಂದು ನೋಡಿಯೇ ಕೊಳ್ಳಬೇಕು. ಜಾಹಿದಿಯ ಕಥೆ ಬೇರೆ. ಅದರ ಮೈಮೇಲೆ ಬಿಳಿ ಚುಕ್ಕೆ ಕಂಡು ಬೂಸ್ಟು ಬಂತೆಂದು ಎಸೆಯುವವರಿದ್ದಾರೆ. ಅಮ್ಮ ಆ ಚುಕ್ಕೆಯನ್ನು ಒದ್ದೆ ಬೆರಳಿನಿಂದ ಉಜ್ಜುತ್ತಾರೆ. ಹರಳಿನಂತೆ ಗಟ್ಟಿಯಿದ್ದು ಕರಗಿ ಅಂಟಾದರೆ ಅದು ಹಣ್ಣಿನ ಸಕ್ಕರೆಯೇ ಮೇಲಕ್ಕೆ ಬಂದು ಹೆಪ್ಪುಗಟ್ಟಿದ್ದು, ತಿನ್ನಬಹುದು. ನೂಲುನೂಲಾಗಿ ಮೃದುವಾಗಿದ್ದು ಕರಗದಿದ್ದರೆ ಬೂಸ್ಟು.

ಆಮೇಲೆ ಒಂದೊಂದು ಹಣ್ಣನ್ನೂ ಉದ್ದಕ್ಕೆ ಸೀಳುತ್ತಾರೆ. ಹೊರಗೆ ಚಂದ ಕಂಡದ್ದೆಲ್ಲ ಒಳಗೆ ಹಾಗಿರುವುದಿಲ್ಲ. ಬೀಜದ ಸುತ್ತ ತೆಳುವಾದ ಬಿಳಿ ಪೊರೆ ಇದ್ದರೆ ಅದು ಸಹಜ. ಮಸಿಯಂತಹ ಕಪ್ಪು ಪುಡಿ ಉದುರಿದರೆ ಒಳಗೇ ಬೂಸ್ಟು ಕಟ್ಟಿದೆ ಎಂದರ್ಥ. ಹಿಕ್ಕೆಯಂತಹ ಕಂದು ಕಾಳು ಅಂಟಿಕೊಂಡಿದ್ದರೆ ಹುಳ ಹೊಕ್ಕಿದೆ. "ನಮ್ದು ಹುಳದ್ ಕಸ್ಬೇ ಅಲ್ವಾ ಮೇಷ್ಟ್ರೇ, ಹುಳ ಎಲ್ಲಿ ಕೂತಿರ್ತದೆ ಅಂತ ಕೈಗೇ ಗೊತ್ತು" ಎಂದು ಅಮ್ಮ ಹೇಳುವಾಗ ಬೆರಳು ನಿಲ್ಲುವುದಿಲ್ಲ. ಗೂಡು ಆರಿಸಿ ಆರಿಸಿ ಪಳಗಿದ ಬೆರಳುಗಳು. ಬೀಜ ತೆಗೆದ ಕೆಲವನ್ನು ಮಕ್ಕಳಿಗೆ ಬೇರೆ ಇಡುತ್ತಾರೆ. ಹದಿಮೂರು ಗಂಟೆ ಹಸಿದ ಮಗು ಆತುರಕ್ಕೆ ಬೀಜ ನುಂಗೀತು ಎಂಬ ಎಚ್ಚರ.

ಇಫ್ತಾರಿನ ಮೇಜು ಎಂದರೆ ಈ ಮನೆಯಲ್ಲಿ ನೆಲವೇ. ನಡುಮನೆಯಲ್ಲಿ ಮೊದಲು ಈಚಲು ಚಾಪೆ ಬಿಚ್ಚುತ್ತಾರೆ. ಆ ಚಾಪೆಯನ್ನು ನೋಡಿದಾಗಲೆಲ್ಲ ನನಗೆ ಒಂದು ಸಂತೋಷ. ಈಚಲು ನಮ್ಮ ಕೆರೆಯಂಗಳದ, ಹೊಲದ ಬದುವಿನ ಮರ. ಅದೇ ಕುಲದ ಇನ್ನೊಂದು ಮರ ಖರ್ಜೂರ. ನಮ್ಮ ಈಚಲ ಹಣ್ಣನ್ನು ತಿಂದು ಬೆಳೆದವರಿಗೆ ಗೊತ್ತು, ಅದು ಬಹುಪಾಲು ಬೀಜ, ಮೇಲೆ ಬೆರಳಿಗೆ ಅಂಟುವಷ್ಟು ತಿರುಳು. ಖರ್ಜೂರ ಮಾಗುವವರೆಗೂ ಉದ್ದಕ್ಕೆ ಒಣ ಬಿಸಿಲು ಬೇಕು. ಹಣ್ಣಾಗುವ ಹೊತ್ತಿಗೆ ಮಳೆ ಬಿದ್ದರೆ ಒಡೆದು ಕೊಳೆಯುತ್ತದೆ. ಗುಜರಾತಿನ ಕಚ್ಛ್‌ನಲ್ಲಿ ಖರ್ಜೂರ ಬೆಳೆಯುವವರೂ ಮುಂಗಾರಿಗೆ ಹೆದರಿ ಬಹಳಷ್ಟನ್ನು ಖಲಾಲ್ ಹಂತದಲ್ಲೇ ಕೊಯ್ದು ಮಾರುತ್ತಾರೆ, ಇಲ್ಲವೇ ಕುದಿಸಿ ಒಣಗಿಸುತ್ತಾರೆ. ನಮ್ಮ ಗ್ರಂದಿಗೆ ಅಂಗಡಿಯ ಉತ್ತುತ್ತೆ ಅಂಥದ್ದೇ ಒಣಗಿದ ಖರ್ಜೂರ. ಹೀಗೆ ಈ ಸೀಮೆಯ ಈಚಲಿನ ಗರಿ ಕೆಳಗೆ ಚಾಪೆಯಾಗಿ, ಕಡಲಾಚೆಯ ಅದರ ನೆಂಟನ ಹಣ್ಣು ಮೇಲೆ ಬಟ್ಟಲಲ್ಲಿ.

ಚಾಪೆಯ ಮೇಲೆ ದಸ್ತರ್‌ಖಾನ್, ಎಂದರೆ ಊಟದ ಹಾಸು. ರೇಷ್ಮೆಯ ಮನೆಯಾದರೂ ಹಾಸುವುದು ಅಂಚಿಗೊಂದು ಕಂದು ಪಟ್ಟಿ ಇರುವ ಸಾದಾ ಬಿಳಿ ಹತ್ತಿ ಬಟ್ಟೆ. ಅಂಗಡಿಯಲ್ಲಿ ಹೂಬಳ್ಳಿ ಅಚ್ಚಿನ ಪ್ಲಾಸ್ಟಿಕ್ ಹಾಸು ಸಿಗುತ್ತದೆ, ಒರೆಸಿದರೆ ಆಯಿತು, ಒಗೆಯುವ ಕೆಲಸವಿಲ್ಲ. ಆದರೂ ಬಿಳಿ ಬಟ್ಟೆಯೇ ಏಕೆಂದರೆ ಅದರ ಮೇಲೆ ಇರುವೆ ಕಾಣುತ್ತದೆ, ಚೆಲ್ಲಿದ ಅಗುಳು ಕಾಣುತ್ತದೆ. ಬಿದ್ದ ತುತ್ತನ್ನು ತುಳಿಯಬಾರದು, ಎತ್ತಿಕೊಳ್ಳಬೇಕು. ಊಟವಾದ ಮೇಲೆ ನಾಲ್ಕು ಮೂಲೆಯನ್ನೂ ಒಳಕ್ಕೆ ಮಡಚಿ ಎತ್ತಿ, ಉಳಿದ ಚೂರನ್ನು ಹಿತ್ತಲಲ್ಲಿ ಹಕ್ಕಿಗೆ ಕೊಡವುತ್ತಾರೆ. ಕಿಮಿಯಾದ ರಸ ಬಟ್ಟೆಗೆ ತಾಗಿದರೆ ಕಪ್ಪು ಕಲೆ. ಅದು ಸಕ್ಕರೆಯ ಕಲೆ, ಕೂಡಲೇ ತಣ್ಣೀರಲ್ಲಿ ನೆನೆಸಿದರೆ ಹೋಗುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಒಗೆದರೆ ಉಳಿಯುತ್ತದೆ. ಆ ಬಟ್ಟೆಯ ಮೇಲೆ ಅಂಥ ಹಳೆಯ ಕಲೆಗಳು ಒಂದೆರಡಿವೆ.

ಬಟ್ಟಲುಗಳ ಪೈಕಿ ನಾನು ಹೆಚ್ಚು ಹೊತ್ತು ನೋಡುವುದು ಒಣದ್ರಾಕ್ಷಿಯನ್ನು. ದೇವನಹಳ್ಳಿ, ದೊಡ್ಡಬಳ್ಳಾಪುರ ದ್ರಾಕ್ಷಿಯ ಸೀಮೆ. ಬೆಂಗಳೂರು ನೀಲಿ ದ್ರಾಕ್ಷಿ ಭೌಗೋಳಿಕ ಗುರುತು ಪಡೆದದ್ದು ಇದೇ ಮಣ್ಣಿನ ಹೆಸರಲ್ಲಿ. ಆದರೆ ಅದರಿಂದ ಒಣದ್ರಾಕ್ಷಿ ಆಗುವುದಿಲ್ಲ. ಒಳಗೆ ಬೀಜ, ಹೊರಗೆ ದಪ್ಪ ಸಿಪ್ಪೆ, ಹಿಚುಕಿದರೆ ತಿರುಳು ಸಿಪ್ಪೆ ಬಿಟ್ಟು ಜಾರುತ್ತದೆ. ರಸಕ್ಕೂ ವೈನಿಗೂ ಅದು ಸರಿ. ಬಟ್ಟಲಿನ ದ್ರಾಕ್ಷಿ ಬಂದಿರುವುದು ಉತ್ತರದ ವಿಜಯಪುರದಿಂದ, ಗೋಳಗುಮ್ಮಟದ ಜಿಲ್ಲೆಯಿಂದ. ಅಲ್ಲಿ ಬೀಜವಿಲ್ಲದ ಥಾಮ್ಸನ್ ತಳಿಯ ಗೊಂಚಲನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಎಥೈಲ್ ಓಲಿಯೇಟ್ ಎಂಬ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ದ್ರಾಕ್ಷಿಯ ಮೈಮೇಲಿನ ಮೇಣದ ಪದರ ನೀರನ್ನು ಒಳಗೇ ಹಿಡಿದಿಡುತ್ತದೆ. ಈ ನೀರು ಆ ಮೇಣವನ್ನು ಸಡಿಲಿಸುತ್ತದೆ. ಆಮೇಲೆ ಶೆಡ್ಡಿನೊಳಗೆ ಅಂತಸ್ತಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಹರಡಿದರೆ, ಗಾಳಿ ಒಣಗಿದ್ದಾಗ ಎರಡು ಎರಡೂವರೆ ವಾರದಲ್ಲಿ ಸಿದ್ಧ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಆ ನಡುವೆ ಒಂದು ಅಕಾಲ ಮಳೆ ಬಂದು ಗಾಳಿ ಒದ್ದೆಯಾದರೆ ಬಣ್ಣ ಕಂದಿ ಬೆಲೆ ಬೀಳುತ್ತದೆ. ಮಾರ್ಚ್ ತಿಂಗಳು ಅಲ್ಲಿ ಶೆಡ್ಡುಗಳು ತುಂಬಿರುವ ಕಾಲ. ಇಲ್ಲಿ ರೋಜಾ ಬಿಡುವ ಹೊತ್ತಿಗೆ ಅಲ್ಲಿ ಈ ವರ್ಷದ ದ್ರಾಕ್ಷಿ ಇನ್ನೂ ಬಲೆಯ ಮೇಲೆ ಸುಕ್ಕುಗಟ್ಟುತ್ತಿರುತ್ತದೆ.

ಸಾಹೇಬರು ತರುವುದು ಕಂದುಹಸಿರು ಬಣ್ಣದ್ದು. ಚಿನ್ನದಂತೆ ಹೊಳೆಯುವ ಹಳದಿ ದ್ರಾಕ್ಷಿಗೆ ಆ ಬಣ್ಣ ನಿಲ್ಲಲು ಗಂಧಕದ ಹೊಗೆ ಕೊಟ್ಟಿರುತ್ತಾರೆ. ಹೊಗೆ ಹೆಚ್ಚಾದದ್ದನ್ನು ಮೂಸಿದರೆ ಬೆಂಕಿಕಡ್ಡಿ ಗೀರಿದ ವಾಸನೆ, ತಿಂದರೆ ಗಂಟಲಲ್ಲಿ ಕಡಿತ. ದಿನವಿಡೀ ಒಣಗಿದ ಗಂಟಲಿಗೆ ಅದು ಸಲ್ಲದು. ತಂದ ದ್ರಾಕ್ಷಿಯನ್ನು ಮಧ್ಯಾಹ್ನವೇ ಎರಡು ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರವುತ್ತಾರೆ. ಸಂಜೆ ತೊಳೆದು ಒದ್ದೆ ಒದ್ದೆಯಾಗಿ ಬಟ್ಟಲಿಗೆ ಹಾಕಿದರೆ ಮುದ್ದೆಯಾಗುತ್ತದೆ.

ಉಳಿದ ಬಟ್ಟಲುಗಳದ್ದು ಚಿಕ್ಕ ಮಾತು. ಸಹರಿಯಲ್ಲೇ ನೆನೆಸಿಟ್ಟು ಸಿಪ್ಪೆ ಸುಲಿದ ಬಾದಾಮಿ ಇರುತ್ತದೆ, ತಲೆಗೆ ಎರಡು. ದಾರಕ್ಕೆ ಪೋಣಿಸಿ ಬರುವ ಅಫ್ಘಾನಿಸ್ತಾನದ ಅಂಜೂರವನ್ನು ಸೀಳಿ, ಒಳಗೆ ಹುಳ ನೋಡಿ, ಅಸರ್ ನಮಾಜಿನ ಹೊತ್ತಿಗೆ ನೀರಿಗೆ ಹಾಕಿರುತ್ತಾರೆ. ಆ ವರ್ಷ ರಂಜಾನು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಟ್ಟಾರಿ ಗಡಿ ಮುಚ್ಚಿತು. ಆ ದಾರಿಯಲ್ಲೇ ಬರುತ್ತಿದ್ದ ಅಂಜೂರ ತುಟ್ಟಿಯಾಯಿತು. ಇನ್ನೊಂದು ಬಟ್ಟಲಲ್ಲಿ ಒಣಹಣ್ಣಲ್ಲದ ಒಂದು ಹಣ್ಣು, ದೇವನಹಳ್ಳಿ ಚಕ್ಕೋತದ ತೊಳೆ. ವಿಮಾನ ನಿಲ್ದಾಣ ಬಂದ ಮೇಲೆ ತೋಟಗಳು ಲೇಔಟುಗಳಾಗಿ ಆ ಮರ ಅಪರೂಪವಾಗಿದೆ. ಯಾರದೋ ಹಿತ್ತಲಿಂದ ಒಂದು ಕಾಯಿ ಬಂದರೆ ಆ ದಿನ ಮಕ್ಕಳಿಗೆ ಹಬ್ಬ.

ಆರುಗಂಟೆ ದಾಟಿತೆಂದರೆ ಸಾಹೇಬರ ಹೆಂಡತಿ ಟ್ಯೂಬ್‌ಲೈಟ್ ಆರಿಸುತ್ತಾರೆ. ಗೋಡೆಯ ಮೊಳೆಗೆ, ಕೂತವರ ತಲೆಗಿಂತ ಸ್ವಲ್ಪ ಮೇಲೆ, ಒಂದು ಹಳದಿ ಬಲ್ಬು ನೇತು ಹಾಕಿದ್ದಾರೆ. ಬಲ್ಬಿನ ಡಬ್ಬದ ಮೇಲೆ 2700 ಕೆಲ್ವಿನ್ ಎಂದು ಬರೆದಿರುತ್ತದೆ. ನಮ್ಮ ಮನೆಗಳ ಬಿಳಿ ಟ್ಯೂಬಿನ ಮೇಲೆ 6500. ಅಂಕಿ ಇಳಿದಷ್ಟೂ ಬೆಳಕಿನಲ್ಲಿ ಕೆಂಪು ಹಳದಿ ಹೆಚ್ಚು. ವ್ಯತ್ಯಾಸ ಖರ್ಜೂರದ ಮೇಲೆ ತಕ್ಷಣ ಗೊತ್ತಾಗುತ್ತದೆ. ಬಿಳಿ ಟ್ಯೂಬಿನ ಕೆಳಗೆ ಕಿಮಿಯಾ ನೀಲಿಗಪ್ಪು ಗಡ್ಡೆ, ಮುಟ್ಟಲು ಮನಸ್ಸಾಗದು. ಹಳದಿ ಬೆಳಕಿನಲ್ಲಿ ಅದರ ತೆಳು ಸಿಪ್ಪೆಯೊಳಗಿನ ಕೆಂಗಂದು ಎದ್ದು ಬರುತ್ತದೆ, ತೊಟ್ಟಿನ ಹತ್ತಿರ ಜೇನಿನ ಬಣ್ಣ ಕಾಣುತ್ತದೆ. ಬಲ್ಬು ನೆತ್ತಿಯ ಮೇಲಿಲ್ಲದೆ ಪಕ್ಕದಲ್ಲಿರುವುದೂ ಒಳ್ಳೆಯದೇ. ಓರೆಯಾಗಿ ಬಿದ್ದ ಬೆಳಕಿಗೆ ಜಾಹಿದಿಯ ಒಂದೊಂದು ಸುಕ್ಕಿಗೂ ತನ್ನದೇ ನೆರಳು, ದ್ರಾಕ್ಷಿಯ ಬಟ್ಟಲೊಳಗೆ ಬೆಳಕು ತೂರಿ ಅಂಚಿನ ಕಾಳುಗಳು ಹಸಿರಾಗುತ್ತವೆ. ಪಡುವಣ ಕಿಟಕಿಯಿಂದ ಸಂಜೆಯ ಕೆಂಪು ಇನ್ನೂ ಒಂದಿಷ್ಟು ಉಳಿದಿರುತ್ತದೆ. ಹತ್ತು ನಿಮಿಷ ಎರಡೂ ಬೆಳಕು ಬೆರೆತು ಬಿಳಿ ಬಟ್ಟೆ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಚಂದಕ್ಕೆ ಮಾಡಿದ್ದೇ ಎಂದು ನಾನು ಕೇಳಿದ್ದೆ. "ಬೆಳಗಿಂದ ಆವಿ ಮುಂದೆ ನಿಂತ ಕಣ್ಣಿಗೆ ಟ್ಯೂಬು ಚುಚ್ತದೆ ಅಣ್ಣ" ಎಂದರು ಆಕೆ.

ಮಸೀದಿಯಿಂದ ಹುಡುಗ ಗಂಜಿಯ ಕ್ಯಾನು ತರುತ್ತಾನೆ. ನುಚ್ಚಕ್ಕಿ, ಹೆಸರುಬೇಳೆ, ಕೈಮಾ, ಮೆಂತ್ಯ, ಪುದೀನ ಬೆಂದ ಗಂಜಿ ಅದು. ಕಾಮಕಸ್ತೂರಿ ಬೀಜ ಉಬ್ಬಿದ ಶರಬತ್ತಿನ ಜಗ್ಗು ಬರುತ್ತದೆ. ಎಲ್ಲ ಬಂದಾದ ಮೇಲೆ ಉಳಿಯುವುದು ಕಾಯುವುದೊಂದೇ. ಆಹಾರ ಎದುರಿಗಿದೆ, ಕೈ ತೊಡೆಯ ಮೇಲಿದೆ. ಈ ಗಳಿಗೆಯಲ್ಲಿ ದುವಾ ಹೆಚ್ಚು ಸಲ್ಲುತ್ತದೆ ಎಂಬ ನಂಬಿಕೆಯಿಂದ ಎಲ್ಲರ ತುಟಿ ಸಣ್ಣಗೆ ಆಡುತ್ತಿರುತ್ತದೆ. ಹಿರಿಯ ಮೊಮ್ಮಗಳು ಮಾತ್ರ ಗೋಡೆಗೆ ಅಂಟಿಸಿದ ವೇಳಾಪಟ್ಟಿ ನೋಡುತ್ತಾಳೆ.

ಆ ಪಟ್ಟಿಯನ್ನು ಗಮನವಿಟ್ಟು ಓದಿದರೆ ನಮ್ಮ ಅಕ್ಷಾಂಶವೇ ಅದರಲ್ಲಿ ಇದೆ. ಮಾರ್ಚ್ ತಿಂಗಳಿಡೀ ಇಫ್ತಾರಿನ ಸಮಯ ಆರೂವರೆಯ ಆಸುಪಾಸಿನಲ್ಲೇ ನಿಂತಿರುತ್ತದೆ, ತಿಂಗಳ ಮೊದಲಿಗೂ ಕೊನೆಗೂ ಮೂರು ನಾಲ್ಕು ನಿಮಿಷದ ವ್ಯತ್ಯಾಸ. ಸಹರಿಯ ಸಮಯವಾದರೋ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಹಿಂದಕ್ಕೆ ಸರಿಯುತ್ತದೆ. ರೋಜಾ ಬೆಳೆಯುವುದು ಬೆಳಗಿನ ತುದಿಯಿಂದ. ಊರಿಂದೂರಿಗೂ ಫರಕು ಇದೆ. ಹೊಸಕೋಟೆ, ವಿಜಯಪುರ ಬೆಂಗಳೂರಿನ ಮೂಡಣಕ್ಕಿವೆ, ನೆಲಮಂಗಲ ಪಡುವಣಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಹೊಸಕೋಟೆಗೂ ನೆಲಮಂಗಲಕ್ಕೂ ಅರ್ಧ ಡಿಗ್ರಿಗೆ ತುಸು ಕಡಿಮೆ ಅಂತರ. ಹಾಗಾಗಿ ಹೊಸಕೋಟೆಯವರು ಖರ್ಜೂರ ಬಾಯಿಗಿಟ್ಟ ಒಂದೂವರೆ ನಿಮಿಷದ ಮೇಲೆ ನೆಲಮಂಗಲದಲ್ಲಿ ಸೂರ್ಯ ಪೂರ್ತಿ ಮುಳುಗುತ್ತಾನೆ. ಬೆಂಗಳೂರಿಗೆ ಅಚ್ಚಾದ ಪಟ್ಟಿಯನ್ನೇ ಹಿಡಿದರೆ ನೆಲಮಂಗಲದವರು ಆತುರಪಟ್ಟಂತಾದೀತು. ಅದಕ್ಕೇ ಪಟ್ಟಿಯಲ್ಲಿ ಎಚ್ಚರಿಕೆಗೆಂದು ಒಂದೆರಡು ನಿಮಿಷ ಸೇರಿಸುವುದುಂಟು. ಆದರೆ ಸೂರ್ಯ ಮುಳುಗಿದ್ದು ಖಚಿತವಾದ ಮೇಲೆ ತಡಮಾಡುವುದೂ ಸರಿಯಲ್ಲ, ಬೇಗ ಬಿಡುವುದೇ ಉತ್ತಮ ಎನ್ನುವುದು ಕಟ್ಟಳೆ. ಇವರ ಮನೆಯಲ್ಲಿ ಪಟ್ಟಿ ನೋಡುವುದು ಮೊಮ್ಮಗಳಾದರೂ ಕೈ ಎತ್ತುವುದು ಮಸೀದಿಯ ಸೈರನ್ನಿಗೆ.

ಸೈರನ್ ಕೂಗಿತು. ಬಿಸ್ಮಿಲ್ಲಾ ಎಂದು ಒಬ್ಬೊಬ್ಬರೂ ಒಂದೊಂದು ಖರ್ಜೂರ ತೆಗೆದುಕೊಂಡರು. ಯಾರೂ ಗಬಗಬ ತಿನ್ನುವುದಿಲ್ಲ. ಸಾಹೇಬರು ಕಿಮಿಯಾದ ಮೊದಲ ತುಂಡನ್ನು ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳುತ್ತಾರೆ. ಒಣಗಿದ ಬಾಯಿಯಲ್ಲಿ ಜೊಲ್ಲೂರಲು ಅಷ್ಟು ಹೊತ್ತು ಬೇಕು. ಮೆತ್ತನೆಯ ಖರ್ಜೂರದ ಸಕ್ಕರೆ ಬಹುಪಾಲು ಗ್ಲೂಕೋಸು ಮತ್ತು ಫ್ರಕ್ಟೋಸು, ಮತ್ತೆ ಒಡೆಯಬೇಕಾಗಿಲ್ಲದೆ ನೇರ ರಕ್ತಕ್ಕೆ ಸೇರುವಂಥದ್ದು. ಒಂದು ಹಣ್ಣು, ಎರಡು ಗುಟುಕು ನೀರು, ಮತ್ತೊಂದು ಹಣ್ಣು, ಮತ್ತೆ ನೀರು, ಮೂರನೆಯದು. ಬೆಸ ಸಂಖ್ಯೆಗೆ ನಿಲ್ಲಿಸುವುದು ವಾಡಿಕೆ. ಐದು ನಿಮಿಷದಲ್ಲಿ ಮುಖಗಳಿಗೆ ಕಳೆ ಮರಳುವುದನ್ನು ಎದುರು ಕೂತು ನೋಡಬಹುದು. ಕರಿದ ಸಮೋಸ ತಟ್ಟೆಯಲ್ಲಿ ಹಾಗೇ ಇರುತ್ತದೆ. ಖಾಲಿ ಹೊಟ್ಟೆಗೆ ಅದು ಮೊದಲು ಬಿದ್ದರೆ ಮಗ್ರಿಬ್ ನಮಾಜಿಗೆ ಬಗ್ಗುವಾಗ ಎದೆಯುರಿ ಎಂದು ಸಾಹೇಬರ ಅನುಭವ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಶುರುವಾದ ಮೇಲೆ ಡಾಕ್ಟರು ಬೇಡವೆಂದರು, ರೋಜಾ ಇಡುವುದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಅವರಿಗೆ ಈಗಲೂ ಸಂಕಟವೇ. ಆದರೂ ಹಾಸಿನ ಮೂಲೆಯಲ್ಲಿ ಅವರ ಜಾಗ ಅವರದ್ದೇ. ಎಲ್ಲರೂ ಎತ್ತಿಕೊಂಡ ಮೇಲೆ ಅವರು ಅರ್ಧ ಜಾಹಿದಿ ತೆಗೆದುಕೊಳ್ಳುತ್ತಾರೆ. ದಪ್ಪನೆಯ ಮೆಡ್ಜೂಲ್ ಒಂದರಲ್ಲೇ ಹದಿನಾರು ಗ್ರಾಂ ಸಕ್ಕರೆ, ಮೂರು ಚಮಚೆಗೂ ಮೇಲೆ. ಸಣ್ಣ ಹಣ್ಣಿನ ಅರ್ಧವಾದರೆ ಅವರ ಲೆಕ್ಕಕ್ಕೆ ನಿಲ್ಲುತ್ತದೆ. ಅಷ್ಟನ್ನೇ ಬಹಳ ಹೊತ್ತು ಅಗಿಯುತ್ತಾರೆ.

ತಪ್ಪಿದ ರೋಜಾಕ್ಕೆ ಬದಲಾಗಿ, ಇಡಲಾರದ ಮುದುಕರು ಮತ್ತು ವಾಸಿಯಾಗದ ಕಾಯಿಲೆಯವರು ದಿನಕ್ಕೊಬ್ಬ ಬಡವರಿಗೆ ಊಟ ಕೊಡಬೇಕು. ಅದಕ್ಕೆ ಫಿದಿಯಾ ಎನ್ನುತ್ತಾರೆ. ಜಗಲಿಯ ಮೇಲೆ ಖರ್ಜೂರ ಸೀಳುವಾಗಲೇ ಅಮ್ಮ ಒಂದು ಪಾಲನ್ನು ಬೇರೆ ಬಟ್ಟಲಿಗೆ ಹಾಕಿದ್ದನ್ನು ನಾನು ನೋಡಿದ್ದೆ. ಚೆನ್ನಾಗಿದ್ದ ಕಿಮಿಯಾಗಳೇ ಅತ್ತ ಹೋಗಿದ್ದವು. ಆ ಬಟ್ಟಲು, ಅನ್ನ, ಸಾರು ಸೇರಿಸಿ ಕಟ್ಟಿದ ಊಟ ಐದೂಮುಕ್ಕಾಲಿಗೇ ಮನೆಯಿಂದ ಹೊರಟಿತ್ತು, ಹಿಂದಿನ ಗಲ್ಲಿಯಲ್ಲಿ ಒಬ್ಬರೇ ಇರುವ ಹೆಂಗಸಿಗೆ. "ಅವರು ಕೂಡಾ ಆರೂವರೆಗೇ ಬಿಡ್ಬೇಕಲ್ಲಪ್ಪ, ನಾವು ತಿಂದ್ಮೇಲೆ ಕಳ್ಸಿದ್ರೆ ಏನ್ ಬಂತು" ಎಂದರು ಅಮ್ಮ.

ಗಂಡಸರು ನಮಾಜಿಗೆ ಎದ್ದರು. ಸೊಸೆ ಬಟ್ಟೆಯ ಮೂಲೆ ಮಡಚಿ ಎತ್ತಿ, ರಸ ತಾಗಿದ್ದ ಕಡೆಯನ್ನು ಬಕೆಟ್ಟಿನ ತಣ್ಣೀರಿಗೆ ಇಳಿಬಿಟ್ಟರು. ಉಳಿದ ಕಿಮಿಯಾ ಫ್ರಿಜ್ಜಿಗೆ ಹೋಯಿತು, ಜಾಹಿದಿ ಡಬ್ಬಕ್ಕೆ. ನೆನೆದ ಅಂಜೂರದ ನೀರನ್ನು ಹಿರಿಯ ಮೊಮ್ಮಗಳು ಕುಡಿದಳು. ಸಾಹೇಬರು ಮಸೀದಿಯಿಂದ ಬಂದವರೇ ಅಂಗಳದಲ್ಲಿ ಹರವಿದ್ದ ಗೂಡಿನ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಗೂಡು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು.

"ನಾಳೆ ಇದನ್ನ ಮುಗಿಸ್ಲೇಬೇಕು ಮೇಷ್ಟ್ರೇ, ನಾಡಿದ್ದಿಗೆ ತಡೆಯಲ್ಲ. ತರಾವೀಹ್ ಮುಗಿಸ್ಕೊಂಡ್ ಬಂದು ಸೌದೆ ಒಟ್ಟಿಬಿಡ್ತೀನಿ" ಎಂದು ಎದ್ದರು.